ನನಗೆ ಬೇಡವಾಗಿದ್ದ ಲಿಫ್ಟ್

ಖರ್ಚಾದದ್ದು ಒಟ್ಟು ಹನ್ನೊಂದು ಸಾವಿರದ ನಾನೂರು ರೂಪಾಯಿ. ಒಂದು ಕಮೋಡು, ಗೋಡೆಗೆ ಎರಡು ಸ್ಟೀಲ್ ಹಿಡಿಕೆ, ಹೊರಕ್ಕೆ ತೆರೆಯುವಂತೆ ತಿರುಗಿಸಿ ಕೂಡಿಸಿದ ಬಾಗಿಲು, ಹೊಸ್ತಿಲ ಜಾಗದಲ್ಲಿ ಗೇಣುದ್ದದ ಇಳಿಜಾರು, ಗಾರೆ ಕೆಲಸದ ಗೌಂಡಿಯ ಎರಡು ದಿನದ ಕೂಲಿ. ನಾನು ಕಾರ್ಖಾನೆಯ ಖರೀದಿ ವಿಭಾಗದವಳು, ದರ ಮರೆಯುವುದಿಲ್ಲ. ನಾನು ಆ ನೌಕರಿಯಲ್ಲಿ ಉಳಿಯಲೆಂದು ಕಾರ್ಖಾನೆ ಮಾಡಿದ ಖರ್ಚು ಇದು. ಆದರೆ ಇಷ್ಟನ್ನು ಬಾಯಿಬಿಟ್ಟು ಕೇಳಲು ನನಗೆ ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ನೌಕರಿ ಕೈಬಿಟ್ಟು ಹೋಗುವುದರಲ್ಲಿತ್ತು. ತಪ್ಪು ಯಾರದೆಂದರೆ, ಮುಕ್ಕಾಲು ಪಾಲು ನನ್ನದೇ.

ಎರಡು ವರ್ಷದವಳಿದ್ದಾಗ ಪೋಲಿಯೊ ಬಂದು ನನ್ನ ಬಲಗಾಲು ಸೋತಿತು. ಕಾಲಿಗೆ ಆಧಾರ ಕೊಡುವ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು, ಒಂದು ಊರುಗೋಲು ಹಿಡಿದು ನಡೆಯುತ್ತೇನೆ. ಕಾಲು ಹೀಗಿರುವ ಹುಡುಗಿಗೆ ನಮ್ಮ ಕಡೆ ಎಲ್ಲರೂ ಹೇಳುವ ಉಪಾಯ ಒಂದೇ: ಹೊಲಿಗೆ ಕಲಿ, ಕೂತು ಮಾಡುವ ಕೆಲಸ. ದಾನಿಗಳೊಬ್ಬರು ಹಾರ ಹಾಕಿ, ಫೋಟೋ ತೆಗೆಸಿ, ಹೊಲಿಗೆ ಯಂತ್ರ ಕೊಟ್ಟೇಬಿಟ್ಟರು. ಮನೆಗೆ ತಂದು ನೋಡಿದರೆ ಅದು ಕಾಲಲ್ಲಿ ತುಳಿಯುವ ಯಂತ್ರ! ಕೊಟ್ಟವರಿಗೂ ಹೊಳೆದಿರಲಿಲ್ಲ, ಕೈಮುಗಿದು ತೆಗೆದುಕೊಂಡ ನನಗೂ ಹೊಳೆದಿರಲಿಲ್ಲ. ಮೋಟರು ಹಾಕಿಸಬಹುದಿತ್ತು, ಆದರೆ ಹೊಲಿಗೆಯಲ್ಲಿ ನನಗೆ ಮನಸ್ಸೇ ಇರಲಿಲ್ಲ. ಪಕ್ಕದ ಮನೆಯಾಕೆಯನ್ನು ಯಂತ್ರಕ್ಕೆ ಕೂಡಿಸಿ, ಬಟ್ಟೆ, ದಾರ, ಗುಂಡಿ ತರುವುದನ್ನು ನಾನು ಇಟ್ಟುಕೊಂಡೆ. ಹೋಲ್‌ಸೇಲ್ ಅಂಗಡಿಯವರು ನನ್ನ ಊರುಗೋಲಿನ ಸಪ್ಪಳ ಕೇಳಿದರೆ ಸಾಕು, "ಬಂತು ನೋಡ್ರಿ, ಇವತ್ತ ಲಾಭಾ ಇಲ್ಲ" ಅನ್ನುತ್ತಿದ್ದರು. ಹಾಗೆ ಆರು ವರ್ಷ ಸಂಸಾರ ನಡೆಸಿದೆ.

ಆದರೆ ತಿಂಗಳಿಗೊಂದು ಖಾತ್ರಿ ಸಂಬಳ ಬೇಕಿತ್ತು. ದೇಶಪಾಂಡೆ ನಗರದಲ್ಲಿ ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ಸಣ್ಣ ಕಚೇರಿಯೊಂದಿತ್ತು. ಅಲ್ಲಿದ್ದ ಪುನರ್ವಸತಿ ಕಾರ್ಯಕರ್ತೆಯನ್ನು ಎಲ್ಲರೂ ಅಕ್ಕಾರು ಅನ್ನುತ್ತಿದ್ದರು. ನನ್ನ ಅಂಗವಿಕಲತೆಯ ಪ್ರಮಾಣಪತ್ರ ನೋಡಿ ಶೇಕಡಾ ಎಷ್ಟು ಎಂದು ಬರೆದುಕೊಂಡು, ಅದನ್ನು ಮಡಚಿ ಪಕ್ಕಕ್ಕಿಟ್ಟರು.

"ಇದು ನಿನಗ ಏನು ಆಗೂದಿಲ್ಲ ಅಂತ ಹೇಳೂ ಕಾಗದ. ನಿನಗ ಏನು ಬರ್ತೈತಿ, ಅದನ್ನ ಹೇಳು."

"ಹೊಲಿಗಿ ಬರ್ತೈತ್ರಿ, ಅಂದ್ರ, ಬರೂದಿಲ್ರಿ."

"ಮತ್ತ ಆರು ವರ್ಷ ಏನ ಮಾಡಿದಿ?"

ಬಟ್ಟೆ ತಂದದ್ದು, ಮೂರು ಅಂಗಡಿಯ ದರ ಕೇಳಿ ನಾಲ್ಕನೆಯವನ ಹತ್ತಿರ ಮುರಿದದ್ದು, ಕೆಟ್ಟ ಮಾಲು ವಾಪಸ್ ಹಚ್ಚಿದ್ದು ಎಲ್ಲ ಹೇಳಿದೆ. ಅಕ್ಕಾರು ನಗತೊಡಗಿದರು. "ಅಯ್ಯ ಯವ್ವಾ, ಇದಕ್ಕ ಖರೀದಿ ವಿಭಾಗ ಅಂತಾರ. ಕಾರ್ಖಾನ್ಯಾಗ ಇದಕ್ಕ ಪಗಾರ ಕೊಡ್ತಾರ."

ಆ ಮಾತಿಗೆ ಇವತ್ತಿಗೂ ನಾನು ಋಣಿ. ನನ್ನ ಚೌಕಾಶಿ ಒಂದು ಕಸುಬು ಎಂದು ಅಲ್ಲಿಯತನಕ ಯಾರೂ ಹೇಳಿರಲಿಲ್ಲ. ಜಗಳಗಂಟಿ ಎಂದೇ ಹೇಳಿದ್ದರು.

ಗೋಕುಲ ರಸ್ತೆಯಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಜಾಗವಿತ್ತು. ನಲವತ್ತು ಜನರ ಘಟಕ. ಬೋಲ್ಟು, ವಾಷರು, ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಫೋನಿನಲ್ಲಿ ದರ ಕೇಳಿ, ಮೂರು ಕೊಟೇಶನ್ ತರಿಸಿ, ಹೋಲಿಕೆ ಪಟ್ಟಿ ಮಾಡಿ ಮಾಲಕರ ಮುಂದಿಡುವ ಕೆಲಸ. ಆರು ತಿಂಗಳು ಪರೀಕ್ಷೆಯ ಅವಧಿ, ಆಮೇಲೆ ಕಾಯಂ. ಅಕ್ಕಾರು ನನ್ನ ಜೊತೆಗೇ ಬಂದಿದ್ದರು. ಖರೀದಿಯವರು ಕೂರುವುದು ಮೊದಲನೆಯ ಮಹಡಿಯಲ್ಲಿ. ಮಾಲಕರು ತಾವಾಗಿಯೇ, "ತಂಗೀ, ನಿನಗ ಮೆಟ್ಟಿಲದ ಕಾಟ ಬ್ಯಾಡ, ಕೆಳಗ ಸ್ಟೋರಿನ್ಯಾಗ ಟೇಬಲ್ ಹಾಕಿಸ್ತೇನಿ" ಅಂದರು. ಎಷ್ಟು ಸಂತೋಷವಾಯಿತೆಂದರೆ, "ಹೆಣಮಕ್ಕಳ ಸಂಡಾಸ ಎಲ್ಲಿ ಐತ್ರಿ?" ಎಂದು ಅಕ್ಕಾರು ಕೇಳಲು ಹೊರಟಾಗ ನಾನೇ ಅವರ ಸೆರಗು ಜಗ್ಗಿದೆ. "ಅದೆಲ್ಲಾ ನಡೀತೈತ್ರಿ ಅಕ್ಕಾರ." ಕೈಗೆ ಬಂದ ಕೆಲಸ ಒಂದು ಪ್ರಶ್ನೆಯಿಂದ ಹೋಗಿಬಿಟ್ಟರೆ ಎಂಬ ಹೆದರಿಕೆ.

ಹೆಂಗಸರ ಶೌಚಾಲಯ ಇದ್ದದ್ದು ಮೇಲೆ. ಹತ್ತೊಂಬತ್ತು ಮೆಟ್ಟಿಲು, ಹಿಡಿಯಲು ಕಂಬಿ ಒಂದೇ ಕಡೆ, ಅದೂ ನನ್ನ ಸೋತ ಕಾಲಿನ ಕಡೆ. ಮೇಲೆ ಹತ್ತಿದರೂ ಅಲ್ಲಿರುವುದು ಕುಕ್ಕರುಗಾಲಲ್ಲಿ ಕೂರುವಂಥದ್ದು. ಕ್ಯಾಲಿಪರ್ ಕಟ್ಟಿದ ಕಾಲು ಹಾಗೆ ಮಡಚುವುದಿಲ್ಲ. ನಾನು ಕಂಡುಕೊಂಡ ದಾರಿ ಸುಲಭದ್ದು: ನೀರು ಕುಡಿಯದಿರುವುದು. ರಾಯಾಪುರದ ಮನೆಯಲ್ಲಿ ಬೆಳಿಗ್ಗೆ ಅರ್ಧ ಲೋಟ ಚಹ, ಮತ್ತೆ ಮನೆಗೆ ಬಂದ ಮೇಲೇ ನೀರು. ಏಪ್ರಿಲ್ ತಿಂಗಳಲ್ಲೂ. ಸ್ಟೋರಿನ ಕಾಕಾ, ಮೂವತ್ತು ವರ್ಷ ಅದೇ ಸ್ಟೋರಿನಲ್ಲಿ ಕಳೆದ ಹಿರಿಯರು, ಚಹ ತಂದಾಗಲೆಲ್ಲ ಬೇಡವೆನ್ನುತ್ತಿದ್ದೆ. "ಏನವಾ, ಕಂಪನಿ ಚಾದಾಗೂ ಉಳಿತಾಯ ಮಾಡ್ತಿಯೇನ?" ಎಂದು ಅವರು ಕಾಡುತ್ತಿದ್ದರು.

ಕೆಲಸ ಮಾತ್ರ ಚೆನ್ನಾಗಿ ನಡೆದಿತ್ತು. ಪೆಟ್ಟಿಗೆ ಪೂರೈಸುವವನ ದರವನ್ನು ಎರಡೇ ತಿಂಗಳಲ್ಲಿ ಇಳಿಸಿದ್ದೆ. ಐದನೆಯ ತಿಂಗಳು ಚಳಿಜ್ವರ ಬಂತು. ಡಾಕ್ಟರು ಪರೀಕ್ಷೆ ಮಾಡಿಸಿ ಮೂತ್ರದ ಸೋಂಕು ಎಂದರು. ಒಂದು ವಾರ ರಜೆ. ಹೀಗೇ ನಡೆದರೆ ಮೂತ್ರಪಿಂಡಕ್ಕೆ ಏರುತ್ತದೆ ಎಂದೂ ಹೇಳಿದರು. ಎರಡೇ ದಾರಿ ಉಳಿದವು, ಕೆಲಸ ಬಿಡುವುದು ಇಲ್ಲವೆ ಕೇಳುವುದು.

ಕೇಳಿದೆ, ಆದರೆ ನನ್ನ ಬುದ್ಧಿಯಂತೆ ಕೇಳಿದೆ. ಸಂತೆಯಲ್ಲಿ ಬೆಳೆದ ಬುದ್ಧಿ ಅದು. ಹತ್ತು ಬೇಕಾದರೆ ಐವತ್ತು ಹೇಳು, ಇಳಿಯುತ್ತಾ ಬಾ. ಒಂದು ಅರ್ಜಿ ಬರೆದೆ: ಲಿಫ್ಟ್ ಬೇಕು, ಬೇರೆ ಕೋಣೆ ಬೇಕು, ದಿನಾ ಆಟೊ ಖರ್ಚು ಬೇಕು, ಸಹಾಯಕ್ಕೆ ಒಬ್ಬರು ಬೇಕು, ಕೊನೆಗೆ, ಕೆಳಗೊಂದು ಶೌಚಾಲಯ. ಮೊದಲ ನಾಲ್ಕನ್ನು ಬಿಟ್ಟುಕೊಟ್ಟು ಐದನೆಯದನ್ನು ಗೆಲ್ಲುವುದು ನನ್ನ ಲೆಕ್ಕ.

ಮಾಲಕರು ಓದಿದರು. ಚೌಕಾಶಿಗೆ ಇಳಿಯಲೇ ಇಲ್ಲ. ಕನ್ನಡಕ ತೆಗೆದು, ತಣ್ಣಗೆ ಹೇಳಿದರು: "ತಂಗೀ, ನಿನ್ನ ಕೆಲಸ ಛಲೋ ಐತಿ, ಸುಳ್ಳ ಹೇಳಂಗಿಲ್ಲ. ಆದ್ರ ಇಷ್ಟೆಲ್ಲಾ ನಮ್ಮಂಥಾ ಸಣ್ಣ ಕಾರ್ಖಾನಿಗೆ ನೀಗೂದಿಲ್ಲ. ಆರು ತಿಂಗಳು ಮುಗೀಲಿ, ಆಮ್ಯಾಲ ಏನಂತ ನೋಡೂಣು."

'ನೋಡೋಣ' ಎಂದರೆ ಏನರ್ಥವೆಂದು ನನಗೆ ಗೊತ್ತಿಲ್ಲವೇ? ಬೇಡವಾದ ಪೂರೈಕೆದಾರರಿಗೆ ದಿನಕ್ಕೆ ನಾಲ್ಕು ಸಲ ನಾನೇ ಹೇಳುವ ಮಾತು ಅದು. ಅವತ್ತು ಸಂಜೆ ಬಸ್ಸಿನಲ್ಲಿ ರಾಯಾಪುರದ ನಿಲ್ದಾಣ ದಾಟಿಹೋದದ್ದೂ ತಿಳಿಯಲಿಲ್ಲ.

ಮರುದಿನ ಅಕ್ಕಾರ ಮುಂದೆ ಅರ್ಜಿಯ ಪ್ರತಿ ಇಟ್ಟೆ. ಓದಿ ಬೈದರು ನೋಡಿ! "ಲಿಫ್ಟ್ ತಗೊಂಡು ಏನ ಮಾಡ್ತಿದ್ದಿ? ಮ್ಯಾಲ ನಿನಗ ಏನು ಕೆಲಸ? ಇದು ಬಟ್ಟಿ ಅಂಗಡಿ ಅಲ್ಲವ್ವಾ. ಅಲ್ಲಿ ಅವನಿಗೆ ಖರೇ ದರ ಗೊತ್ತಿರ್ತೈತಿ, ನಿನಗೂ ಗೊತ್ತಿರ್ತೈತಿ. ಇಲ್ಲಿ ನಿನಗ ಏನು ಬೇಕು ಅನ್ನೂದು ನಿನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ನೀ ಐವತ್ತು ಅಂದ್ರ ಅವರು ಐವತ್ತಂತಾನ ನಂಬ್ತಾರ."

"ಕಾಯ್ದೆ ಐತೆಲ್ರಿ ಅಕ್ಕಾರ?"

"ಐತಿ. ಅದು ಚೀಲದಾಗ ಇರ್ಲಿ. ಮೊದಲ ಟೇಪ್ ತಗೀತೇನಿ."

ಮಾಲಕರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಗುರುವಾರ ಅಕ್ಕಾರು ಇಡೀ ದಿನ ನನ್ನ ಬೆನ್ನಿಗಿದ್ದರು. ಗೇಟಿನಿಂದ ಮೇಜಿಗೆ, ಮೇಜಿನಿಂದ ಮಾಲಿನ ಕಪಾಟಿಗೆ, ಊಟದ ಜಾಗಕ್ಕೆ, ಹೀಗೆ ನಾನು ಏನು ಮಾಡುತ್ತೇನೆ, ಎಲ್ಲಿ ನಿಲ್ಲುತ್ತೇನೆ ಎಂದೆಲ್ಲ ಬರೆದುಕೊಂಡರು. ನನಗೇ ಕಾಣದಿದ್ದದ್ದು ಅವರಿಗೆ ಕಂಡಿತು. ಮಾಲಕರು ನನಗೆಂದು ಪ್ರೀತಿಯಿಂದ ಕೊಟ್ಟ, ಗಾಲಿ ಮೇಲೆ ತಿರುಗುವ ಆಫೀಸು ಕುರ್ಚಿ ಕೂರುವಾಗ ಹಿಂದಕ್ಕೆ ಜಾರುತ್ತಿತ್ತು, ಪ್ರತಿ ಸಲ ಕಾಕಾ ಎದ್ದುಬಂದು ಹಿಡಿಯುತ್ತಿದ್ದರು. ಅಕ್ಕಾರು ಕಾಕಾನ ಹಳೇ ಮರದ ಕೈಕುರ್ಚಿ ತೋರಿಸಿದರು. "ಕಾಕಾರ, ಅದಲಾಬದಲಿ ಮಾಡ್ತೀರೇನು?"

"ಇಪ್ಪತ್ತು ವರ್ಷದಿಂದ ಗಾಲಿ ಕುರ್ಚಿ ಕೇಳಾಕತ್ತೇನ್ರಿ," ಅಂದರು ಕಾಕಾ. "ಆಕಿ ಕಾಲಿನ ಪುಣ್ಯಾದಾಗ ನನಗ ಬಂತು." ಕೂತು ಒಂದು ಸುತ್ತು ತಿರುಗಿಯೂ ನೋಡಿದರು.

ಮೆಟ್ಟಿಲ ಕೆಳಗೆ, ಸ್ಟೋರಿಗೆ ಹತ್ತಿಕೊಂಡೇ, ಒಂದು ಹಳೆಯ ಶೌಚಾಲಯವಿತ್ತು. ಅದರಲ್ಲಿ ರದ್ದಿ ಪೆಟ್ಟಿಗೆ ತುಂಬಿ ಬೀಗ ಹಾಕಿದ್ದರು. ಅದನ್ನೂ ಕಾಕಾನೇ ನೆನಪಿಸಿದ್ದು. ಅಕ್ಕಾರು ಟೇಪ್ ಹಿಡಿದು ಬಾಗಿಲ ಅಗಲ ಅಳೆದರು, ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ಹಿಡಿಕೆ ಎಷ್ಟು ಎತ್ತರಕ್ಕಿರಬೇಕೆಂದು ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದರು. ಪೈಪು ಇದ್ದೇ ಇತ್ತು.

ಆಮೇಲೆ ನಾನು ನನಗೆ ಬರುವ ಕೆಲಸ ಮಾಡಿದೆ. ಮೂರು ಕೊಟೇಶನ್, ಒಂದು ಹೋಲಿಕೆ ಪಟ್ಟಿ. ಜೊತೆಗೆ ಎರಡೇ ಸಾಲಿನ ಇನ್ನೊಂದು ಬೇಡಿಕೆ: ಬಸ್ಸಿನ ನೂಕುನುಗ್ಗಲು ತಪ್ಪಲು ಅರ್ಧ ಗಂಟೆ ತಡವಾಗಿ ಬರುತ್ತೇನೆ, ಅರ್ಧ ಗಂಟೆ ತಡವಾಗಿ ಹೋಗುತ್ತೇನೆ.

ಮಾಲಕರು ಹಾಳೆ ತಿರುಗಿಸಿ ಹಿಂದೆಯೂ ನೋಡಿದರು. "ಇಷ್ಟೇ ಏನು?"

"ಇಷ್ಟೇ ರೀ," ಅಂದರು ಅಕ್ಕಾರು.

"ಮತ್ತ ಲಿಫ್ಟು?"

ಇಬ್ಬರೂ ನನ್ನ ಕಡೆ ನೋಡಿದರು. ತಲೆ ತಗ್ಗಿಸಿ ಹೇಳಿದೆ: "ಅದು ಆಮ್ಯಾಲ ಬಿಟ್ಟುಕೊಡಾಕ ಹಾಕಿದ್ದೆರಿ ಸರ್."

ಮಾಲಕರು ಕುರ್ಚಿ ಅಲುಗುವಂತೆ ನಕ್ಕರು. "ಭಲೆ! ನನ್ನ ಸಂಗಾಟನ ವ್ಯಾಪಾರ ಮಾಡಾಕ ನಿಂತಿದ್ಯಾ? ನಾ ಇಲ್ಲಿ ಒಂದು ವಾರ ನಿದ್ದಿಗೆಟ್ಟೇನಿ, ಛಲೋ ಹುಡುಗಿನ್ನ ಕಳಕೋಬೇಕಲ್ಲಾ ಅಂತ." ಪಟ್ಟಿಗೆ ಸಹಿ ಹಾಕುತ್ತಾ ಹೇಳಿದರು, "ಹಿಡಿಕಿ ಒಂದು ಬರದಿ. ಎರಡು ಹಾಕಸು. ಇದೊಂದು ಐಟಂ ನೀ ಕಡಿಮಿ ಕೇಳಿದಿ."

ಮುಂದಿನ ತಿಂಗಳು ಕಾಯಂ ಪತ್ರ ಬಂತು. ಅಕ್ಕಾರು ಚೀಲದಲ್ಲಿದ್ದ ಕಾಯ್ದೆಯನ್ನೂ ತೆಗೆದು ಮಾಲಕರ ಕೈಗೆ ಕೊಟ್ಟುಹೋಗಿದ್ದರು. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯೂ ಅಂಗವಿಕಲರಿಗೆ ಯಾವ ಹುದ್ದೆ, ಯಾವ ಸೌಲಭ್ಯ ಎಂದು ಸಮಾನ ಅವಕಾಶದ ನೀತಿಯನ್ನು ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕು. ಮಾಲಕರಿಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹಾಕಿಸಿದರು. ಕೆಳಗಿನ ಶೌಚಾಲಯವನ್ನು ಈಗ ನಾನೊಬ್ಬಳೇ ಅಲ್ಲ, ಮೊಣಕಾಲು ನೋವಿರುವ, ಲೆಕ್ಕಪತ್ರ ನೋಡುವ ಮೇಡಂ ಕೂಡ ಉಪಯೋಗಿಸುತ್ತಾರೆ. ಚಹ ಬಂದರೆ ನಾನು ಎರಡು ಕಪ್ಪು ಕುಡಿಯುತ್ತೇನೆ. ಉಳಿತಾಯ ಮುಗಿಯಿತೇನವಾ ಎಂದು ಕಾಕಾ ಗಾಲಿ ಕುರ್ಚಿಯಲ್ಲಿ ತೇಲುತ್ತಾ ಕೇಳುತ್ತಾರೆ.

ನೀವೂ ನನ್ನ ಹಾಗೆ ಕೆಲಸ ಹುಡುಕುತ್ತಿದ್ದರೆ ಒಂದೆರಡು ಮಾತು ಕೇಳಿ, ಪುಕ್ಕಟೆ ಕೊಡುತ್ತಿದ್ದೇನೆ. ಕೂತು ಮಾಡುವ ಕೆಲಸ ಎಂದು ಯಾರಾದರೂ ಹೇಳಿದ ಕೂಡಲೆ ಒಪ್ಪಬೇಡಿ, ಇಷ್ಟು ವರ್ಷ ಸಂಬಳವಿಲ್ಲದೆ ಏನು ಚೆನ್ನಾಗಿ ಮಾಡಿದ್ದೀರಿ ಎಂಬುದನ್ನು ಬರೆದು ನೋಡಿ, ನಿಮ್ಮ ಕ್ಷೇತ್ರ ಅದರಲ್ಲಿರುತ್ತದೆ. ಕೆಲಸಕ್ಕೆ ಹೂಂ ಅನ್ನುವ ಮೊದಲು ಜಾಗಕ್ಕೆ ಹೋಗಿ ಗೇಟಿನಿಂದ ಮೇಜಿನವರೆಗೆ ನಡೆದು ನೋಡಿ, ಶೌಚಾಲಯದ ಬಾಗಿಲು ತೆರೆದು ನೋಡಿ, ಕುರ್ಚಿಯಲ್ಲಿ ಕೂತು ಏಳಿ. ನಾಚಿಕೆಯಾದರೆ ಜೊತೆಗೊಬ್ಬರನ್ನು ಕರೆದೊಯ್ಯಿರಿ, ಆದರೆ ಅವರ ಸೆರಗು ಜಗ್ಗಬೇಡಿ. ಕೇಳುವಾಗ ಕೆಲಸಕ್ಕೆ ಬೇಕಾದಷ್ಟನ್ನೇ, ಅಳತೆ ಮತ್ತು ದರ ಸಮೇತ ಕೇಳಿ. ಕಡಿಮೆಯೂ ಬೇಡ, ಬಿಟ್ಟುಕೊಡಲೆಂದು ಹೆಚ್ಚೂ ಬೇಡ. ಒಪ್ಪಿಕೊಂಡದ್ದನ್ನು ಹಾಳೆಯ ಮೇಲೆ ಬರೆಸಿ ಸಹಿ ತೆಗೆದುಕೊಳ್ಳಿ. ನಿಮ್ಮ ಮಾಲಕರು ನನ್ನವರಷ್ಟೇ ಒಳ್ಳೆಯವರಿದ್ದರೂ ಬರೆಸಿ, ಯಾಕೆಂದರೆ ನಾಳೆ ಆ ಕುರ್ಚಿಗೆ ಬೇರೆಯವರು ಬರಬಹುದು, ನಿಮ್ಮ ಕಾಲು ಮಾತ್ರ ಅದೇ ಇರುತ್ತದೆ.