ಒಂದು ವರ್ಷದ ವಿನಾಯಿತಿ

ಪೋರೂರಿನ ಪಂಪು ಕಂಪನಿಗೆ ವೃಂದಾ ಸೇರಿದ್ದು ಅಕೌಂಟ್ಸ್ ವಿಭಾಗಕ್ಕೆ. ಲೆಕ್ಕ, ದಾಸ್ತಾನು, ಮಾರಾಟ ಎಲ್ಲವನ್ನೂ ಒಂದೇ ಕಡೆ ನಡೆಸುವ ಇಆರ್‌ಪಿ ಸಾಫ್ಟ್‌ವೇರ್ ಬಂದ ಮೇಲೆ ಅದರ ಒಳಹೊರಗನ್ನು ಓದಿ, ಕೇಳಿ, ಕೆಡಿಸಿ ಕಲಿತಳು. 2003ರ ಹೊತ್ತಿಗೆ ಅದರಲ್ಲಿ ಯಾವ ಬದಲಾವಣೆ ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುವ ಆರ್ಕಿಟೆಕ್ಟ್ ಅವಳೇ.

ಅವಳ ಯೋಜನೆ ಮೂರು ವರ್ಷದ್ದು. ಅವಸರಕ್ಕೆಂದು ಮೂಲ ಪ್ರೋಗ್ರಾಮಿಗೇ ಹಾಕಿದ್ದ ತೇಪೆಗಳನ್ನು ಮೊದಲು ಬಿಚ್ಚಬೇಕು. ಆಮೇಲೆ ಹೊಸ ಆವೃತ್ತಿಗೆ ಹೋಗಬೇಕು. ಹೊಸೂರಿನ ಹೊಸ ಕಾರ್ಖಾನೆ ಸೇರುವುದು ಕೊನೆಗೆ. ತೇಪೆ ಉಳಿದರೆ ಆವೃತ್ತಿ ಬದಲಿಸುವಾಗ ಒಂದೊಂದನ್ನೂ ಕೂತು ಹೊಂದಿಸಿ, ಮತ್ತೆ ಪರೀಕ್ಷಿಸಬೇಕು. ತೀರಿಸದ ಸಾಲದಂತೆ ಅದು ಬೆಳೆಯುತ್ತದೆ. ಹಳೆಯ ಆವೃತ್ತಿಗೆ ತಯಾರಕರ ಬೆಂಬಲವೂ ಹೆಚ್ಚು ದಿನ ಇರಲಿಲ್ಲ. ಇಂಥ ಬದಲಾವಣೆಗಳಿಗೆ ಒಪ್ಪಿಗೆ ಕೊಡುವ ರಿವ್ಯೂ ಬೋರ್ಡು ಯೋಜನೆಯನ್ನು ಒಪ್ಪಿತ್ತು.

ಆಗ ಸಭೆಯ ಹೊರಗೆ ಅವಳನ್ನು ಕಾಣಲು ಬಂದವರು ಸೇಲ್ಸ್ ಮುಖ್ಯಸ್ಥ ಮುರಳೀಧರ. ಬೋರ್ಡಿನ ಸದಸ್ಯರು, ವೃಂದಾಳ ತವರಿನವರಿಗೆ ಬೇಕಾದವರು. ಡೀಲರ್ ರಿಯಾಯಿತಿ ಲೆಕ್ಕ ಹಾಕುವ ದೊಡ್ಡ ತೇಪೆ ಅವರ ವಿಭಾಗಕ್ಕೆಂದೇ ಹಾಕಿದ್ದು.

"ದೀಪಾವಳಿ ಸ್ಕೀಮು ತಲೆ ಮೇಲಿದೆ ಮಾ. ಇದೊಂದನ್ನ ಒಂದು ವರ್ಷ ಬಿಡು. ಮುಂದಿನ ಸಲ ಬಿಚ್ಚೋಣ ಅಂತ ಮೊದಲು ಕೈ ಎತ್ತೋನು ನಾನೇ. ರಾಯರಾಣೆ."

ರಾಯರ ಹೆಸರು ಕೇಳಿದ ಮೇಲೆ ಅವಳು ಬೇರೇನೂ ಕೇಳಲಿಲ್ಲ. 'ಒಂದು ವರ್ಷಕ್ಕೆ ಅಪಾಯವಿಲ್ಲ' ಎಂದು ಬರೆದು ವಿನಾಯಿತಿಗೆ ಶಿಫಾರಸು ಮಾಡಿದಳು. ಉಳಿದ ತೇಪೆಗಳನ್ನು ವರ್ಷವಿಡೀ ಬಿಚ್ಚಿಸಿದಳು.

ಮರುವರ್ಷದ ಸಭೆಯಲ್ಲಿ, "ಇನ್ನು ರಿಯಾಯಿತಿಯದು," ಎಂದಳು. ಮುರಳೀಧರ ಕೈ ಎತ್ತಿದರು.

"ಹೊಸೂರು ಕಾರ್ಖಾನೆ ಮೊದಲು ಸೇರ್ಕೊಳ್ಳಲಿ. ಈ ತೇಪೆ ಒಂದು ದಿನಾನಾದ್ರೂ ಕೆಟ್ಟಿದೆಯಾ? ಅಪಾಯ ಇಲ್ಲ ಅಂತ ವೃಂದಾನೇ ಬರ್ಕೊಟ್ಟಿದ್ದಾರಲ್ಲ!"

ಯಾರೋ ನಕ್ಕರು. "ಒಂದು ವರ್ಷಕ್ಕೆ ಅಂದಿದ್ದೆ," ಎಂದು ವೃಂದಾ ಹೇಳುವಷ್ಟರಲ್ಲಿ ಮುರಳೀಧರರ ಪರವಾಗಿ ಉಳಿದ ಕೈಗಳೂ ಎದ್ದಿದ್ದವು. ಅಧ್ಯಕ್ಷ ಹರಿದಾಸ, "ಹೋದ ಸಲದ ಹಾಗೇ ಶಿಫಾರಸು ಬರೆದುಬಿಡಿ," ಎಂದರು.

"ಬರೆಯಲ್ಲ ಸರ್. ಬೇಕಾದವರು ತಮ್ಮ ಹೆಸರಲ್ಲಿ ಬರೀಲಿ."

ಮುರಳೀಧರ ಅಲ್ಲೇ ಬರೆದುಕೊಟ್ಟರು. ಕೈ ಒಂದಿಷ್ಟೂ ತಡೆಯಲಿಲ್ಲ.

ಹೊರಗೆ ಅವರೇ ಬೆನ್ನಟ್ಟಿ ಬಂದರು. "ಕೋಪಾನಾ? ಒಳಗೆ ನಾನು ಸೇಲ್ಸು ಮಾ. ಹೊರಗೆ ಅದೇ ಅಣ್ಣ ತಾನೇ?"

"ಆಣೆ ಇಟ್ಟಿದ್ದು ಹೊರಗೇ, ಅಣ್ಣಾ."

"ಅಯ್ಯೋ, ಮಾತಿಗೆ ಅಂದಿದ್ದು ಅದು!"

ವೃಂದಾಳಿಗೆ ಸೋತದ್ದಕ್ಕಿಂತ ಇದು ಹೆಚ್ಚು ನಾಟಿತು. ಅವರು ಮಾತು ಮುರಿದಿರಲಿಲ್ಲ. ಕೊಡುವಾಗಲೇ ಅದು ಮಾತಾಗಿರಲಿಲ್ಲ.

ಮಧ್ಯಾಹ್ನ ಹೊಸೂರು ಕಾರ್ಖಾನೆಯವರು ತರಬೇತಿಗೆ ಬಂದು ಕೂತರು. ಅವರ ಬಿಲ್ಲುಗಳೂ ಇನ್ನು ಅದೇ ತೇಪೆಯ ಮೂಲಕವೇ ಹೋಗಬೇಕು. ಅದು ಹೇಗೆ ನಡೆಯುತ್ತದೆಂದು ಕಲಿಸಬಲ್ಲವಳು ಅವಳೊಬ್ಬಳೇ. ಎದ್ದು ಗೋಡೆಯ ಬಿಳಿಹಲಗೆ ಒರೆಸಿ, ಮೊದಲಿನಿಂದ ಹೇಳಿಕೊಡತೊಡಗಿದಳು.