ಕಾಫಿ ಜಿಗಿಯುವ ಪಾತ್ರೆ

ನಮ್ಮ ಕಡೆ ಕಾಫಿ ಎಂದರೆ ಜ್ವರ ಬಂದವರಿಗೆ ಕೊಡುವ ಕಷಾಯ ಎಂದು ತಿಳಿದ ಕಾಲ ಅದು. ಕುಡಿಯುವುದು ಚಹಾ. ಹಾಲು, ಬೆಲ್ಲ, ಪುಡಿ ಎಲ್ಲ ಒಂದೇ ಪಾತ್ರೆಯಲ್ಲಿ ಹಾಕಿ ಕುದಿಸಿ ಅರಿವೆಯಲ್ಲಿ ಸೋಸಿದರೆ ಮುಗಿಯಿತು. ಕಾಫಿಗೆ ಮಾತ್ರ ನಾಲ್ಕು ನಮೂನೆಯ ಯಂತ್ರ ಯಾಕೆ ಬೇಕು ಎಂದು ಅವತ್ತೂ ನನಗೆ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ.

ಜಮಖಂಡಿಯಲ್ಲಿ ಸಂಸ್ಥಾನದ ಪರವೂರ ಅತಿಥಿಗಳು ಇಳಿಯುವ ಬಂಗಲೆಯಲ್ಲಿ ನಮ್ಮ ಮನೆಯವರು ಅಡಿಗೆ ಮಾಡುತ್ತಿದ್ದರು. ನಾನು ಪಾತ್ರೆ ತಿಕ್ಕಿ, ನೀರು ತುಂಬಿ, ಒಲೆ ಹಚ್ಚುತ್ತಿದ್ದೆ. ಬಂಗಲೆಯ ಹಿಂದೆ ನಮಗೊಂದು ಖೋಲಿ ಕೊಟ್ಟಿದ್ದರು. ಎರಡನೆಯ ದೊಡ್ಡ ಲಡಾಯಿ ಮುಗಿದ ಮೇಲಿನ ವರ್ಷಗಳು. ಹಿಂದಿನ ಸಲ ಕೊಲ್ಹಾಪುರದ ಕಡೆಯಿಂದ ಒಬ್ಬ ಬಿಳಿ ಸಾಹೇಬ ಬಂದಾಗ ಇವರು ಕಾಫಿಪುಡಿಯನ್ನು ಚಹಾದ ಹಾಗೆ ಬೆಲ್ಲ ಹಾಕಿ ಕುದಿಸಿ ಕೊಟ್ಟಿದ್ದರು. ಸಾಹೇಬ ಒಂದು ಗುಟುಕು ಕುಡಿದು ಕಪ್ಪನ್ನು ದೂರ ಸರಿಸಿದ್ದ. ಸಂಸ್ಥಾನದ ಆಡಳಿತ ನೋಡುವ ಕಾರಭಾರಿಗಳು ಇವರನ್ನು ಕರೆಸಿ, "ಇನ್ನೊಂದ ಸಲ ಹಿಂಗಾತಂದ್ರ ಖೋಲಿ ಖಾಲಿ ಮಾಡಿ ಬನಹಟ್ಟಿಗೆ ನಡಿ" ಎಂದಿದ್ದರು.

ಬನಹಟ್ಟಿಯಲ್ಲಿ ನನ್ನ ಅತ್ತೆ ಇದ್ದಳು, ಮೈದುನನ ಮಗ್ಗ ಇತ್ತು. ಅಲ್ಲಿಗೆ ಹೋದರೆ ಬೆಳಗಿನಿಂದ ಕತ್ತಲಾಗುವವರೆಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು, ಸುತ್ತಿದ್ದು ಸಡಿಲಾಯಿತೆಂದು ಬೈಸಿಕೊಳ್ಳುವುದು. ನನಗೆ ಆ ಖೋಲಿ ಬೇಕಿತ್ತು. ಇವರಿಗೂ ಬೇಕಿತ್ತು, ಆದರೆ ಅದನ್ನು ಹೇಳುವ ಬದಲು ತಾನು ಮುಂಬೈಯಲ್ಲಿ ಗೋವಾದವನ ಖಾನಾವಳಿಯಲ್ಲಿ ಕೆಲಸ ಕಲಿತವನು ಎಂದು ಎಲ್ಲರಿಗೂ ಹೇಳುತ್ತಿದ್ದರು. ಅಲ್ಲಿ ಇವರು ತಾಟು ತೊಳೆದಿದ್ದು ನನಗೆ ಗೊತ್ತಿತ್ತು.

ಅದೇ ಸಾಹೇಬ ಮತ್ತೆ ಬರುವವನಿದ್ದ. ಈ ಸಲ ಅವನ ಹೆಂಡತಿಯೇ ಎಚ್ಚರಿಕೆ ವಹಿಸಿ, ಒಂದು ದಿನ ಮೊದಲು ಮೋಟಾರಿನಲ್ಲಿ ಒಂದು ಟ್ರಂಕು ಕಳಿಸಿದಳು. ಟ್ರಂಕಿನ ತುಂಬ ಹುಲ್ಲು, ಹುಲ್ಲಿನೊಳಗೆ ಪಾತ್ರೆಗಳ ತುಂಡುಗಳು. ಮುಚ್ಚಳ ಬೇರೆ, ಕೊಳವೆ ಬೇರೆ, ತೂತಿನ ಬಟ್ಟಲು ಬೇರೆ. ಎಲ್ಲಕ್ಕೂ ಮೇಲೆ ಒಂದು ಫೋಟೋ. ಆಕೆಯ ಅಡಿಗೆಮನೆಯ ಹಲಗೆಯ ಫೋಟೋ. ಜನ ಮಕ್ಕಳ ಫೋಟೋ ತೆಗೆಸುತ್ತಾರೆ, ಸತ್ತವರ ಫೋಟೋ ತೆಗೆಸುತ್ತಾರೆ. ಆ ಹೆಂಗಸು ಪಾತ್ರೆಗಳದ್ದು ತೆಗೆಸಿದ್ದಳು.

ಟ್ರಂಕು ತಂದ ಡ್ರೈವರ ಹೇಳಿದ, "ಇದರಾಗ ಹೆಂಗೈತಿ ಹಂಗ ಜೋಡಸ್ರಿ ಅಂದಾರ ಬಾಯಿಸಾಹೇಬ್ರು. ನಾಕು ಕಾಫಿವು. ಫಿಲ್ಟರ, ಪರ್ಕೊಲೇಟರ, ಮೋಕಾ, ಪ್ಲಂಜರ. ಸಾಹೇಬ್ರು ಕುಡಿಯೂದು ಪರ್ಕೊಲೇಟರಂದು."

"ಪರ್ಕೊಲೇಟರ ಯಾವುದೋ?" ಎಂದೆ.

"ನಂಗೇನ್ ಗೊತ್ತ ಬೇ ಅಕ್ಕಾ, ನಾ ಮೋಟರ ಹೊಡ್ಯಾಂವ. ಮುಂಜಾನಿ ಸಾಹೇಬ್ರು ಅದರ ಮುಂದ ಕುಂತು, ಮ್ಯಾಲ ಕಾಫಿ ಜಿಗಿಯೂದ ನೋಡ್ತಾರ. ಅಷ್ಟ ಕಂಡೀನಿ."

ಇಷ್ಟು ಹೇಳಿ ಅವನು ಮೋಟಾರಿನ ಕೆಳಗೆ ಚಾದರ ಹಾಸಿ ಮಲಗಿದ.

ಅಡಿಗೆಮನೆಯಲ್ಲಿ ಮೂವರು ಕುಳಿತೆವು. ನಮ್ಮ ಮನೆಯವರು, ನಾನು, ಮತ್ತೆ ಬಂಗಲೆಯ ಉಗ್ರಾಣ ನೋಡುತ್ತಿದ್ದ ತೇರದಾಳದ ಜೈನರೊಬ್ಬರು. ಅವರನ್ನು ಎಲ್ಲರೂ ಅಣ್ಣಾರು ಎನ್ನುತ್ತಿದ್ದೆವು. ಇಂಗ್ಲಿಷ್ ನಾಲ್ಕು ಇಯತ್ತೆ ಓದಿದ್ದರು. ಸಂಸ್ಥಾನದಲ್ಲಿ ಯಾವ ಮಾತಿಗೂ ತಮಗೆ ಉತ್ತರ ಗೊತ್ತು ಎಂಬಂತೆ ಮೂಗಿನ ಮೇಲೆ ಚಾಳೀಸು ಏರಿಸುತ್ತಿದ್ದರು.

ಫೋಟೋದಲ್ಲಿ ಎಡಗಡೆ ಒಂದರ ಮೇಲೊಂದು ಕೂಡಿಸಿದ ಎರಡು ಹಿತ್ತಾಳೆ ಡಬ್ಬಿ. ಅದರ ಬಾಜು ನಡು ಸಣ್ಣಗಿರುವ, ಎಂಟು ಮೂಲೆಯ, ನಾವು ಜರ್ಮನ್ ಎನ್ನುವ ಅಲ್ಯುಮಿನಿಯಮ್ಮಿನ ಒಂದು ಸಣ್ಣ ಪಾತ್ರೆ. ನಂತರ ಎತ್ತರದ ಒಂದು ಕಿಟಲಿ, ಅದರ ಮುಚ್ಚಳದ ಮೇಲೆ ಒಂದು ಬಿಳಿ ಚುಕ್ಕೆ. ಕೊನೆಗೆ ಗಾಜಿನ ಗ್ಲಾಸಿನಲ್ಲಿ ಇಳಿಬಿಟ್ಟ ಒಂದು ತೆಳು ಲೋಹದ ಸಳಿ, ಸಳಿಯ ತುದಿಗೆ ಜಾಳಿಗೆ. ಮೊಳೆಗೆ ತೂಗುಬಿಟ್ಟ ಒಂದು ತೂತಿನ ಗುಂಡು, ಸರಪಳಿ ಸಮೇತ.

ಅಣ್ಣಾರು ಹಿತ್ತಾಳೆ ಡಬ್ಬಿಯ ಮೇಲಿನ ಭಾಗವನ್ನು ಬೆಳಕಿಗೆ ಹಿಡಿದರು. ತಳದ ತುಂಬ ಸೂಜಿಮೊನೆಯಂಥ ತೂತು.

"ಇದು ನೀರು ಸೋಸೂದು," ಎಂದರು. "ನಾವು ಅರಿವಿಲೆ ಸೋಸತೀವಿ, ಸಾಹೇಬ್ರು ಹಿತ್ತಾಳಿಲೆ ಸೋಸ್ತಾರ. ಇವ್ರಿಗೂ ಈಗ ಬುದ್ಧಿ ಬಂದೈತಿ."

"ಅಣ್ಣಾರ, ಕಾಫಿದು ಅಂದಾನಲ್ಲ್ರಿ ಡ್ರೈವರ," ಎಂದೆ.

"ಡ್ರೈವರಗೇನ್ ತಿಳೀತೈತಿ ತಂಗಿ? ಫಿಲ್ಟರ ಅಂದ್ರ ಇಂಗ್ಲೀಷಿನ್ಯಾಗ ಸೋಸೂದ. ನಾ ಓದೀನಿ."

ಅವರು ಸೋಸದ ನೀರು ಮುಟ್ಟುವವರಲ್ಲ. ಆದ್ದರಿಂದ ತೂತು ಕಂಡ ಪಾತ್ರೆಯೆಲ್ಲ ಅವರ ಪಾಲಿಗೆ ನೀರಿನದು. ಆ ಡಬ್ಬಿಯೊಳಗೆ ಕೊಡೆಯ ಹಾಗೆ ಹಿಡಿಕೆ ಇದ್ದ ಒಂದು ತೂತಿನ ಬಿಲ್ಲೆಯೂ ಇತ್ತು. ಪುಡಿಯನ್ನು ಒತ್ತಿ ಕೂಡಿಸಲು ಇಟ್ಟಿದ್ದು. ಅಣ್ಣಾರು ಅದನ್ನು ತೆಗೆದು ಪಕ್ಕಕ್ಕಿಟ್ಟು, ಡಬ್ಬಿಯಲ್ಲಿ ಬಾವಿಯ ನೀರು ಸುರುವಿ, ಕೆಳಗೆ ಹನಿಯುವುದನ್ನು ನೋಡುತ್ತ ಕುಳಿತರು. ಸರಪಳಿಯ ಗುಂಡು ಧೂಪ ಹಾಕುವುದು ಎಂದು ಅವರೇ ತೀರ್ಮಾನಿಸಿದರು. ಅದು ಚಹಾಪುಡಿ ಒಳಗಿಟ್ಟು ಬಿಸಿನೀರಿನಲ್ಲಿ ಅದ್ದುವುದಂತೆ. ಅದು ತಿಳಿದದ್ದು ಮರುದಿನ.

ನಮ್ಮ ಮನೆಯವರು ಗಾಜಿನದನ್ನು ಕೈಗೆ ತೆಗೆದುಕೊಂಡು ಸಳಿಯನ್ನು ಮೇಲೆ ಕೆಳಗೆ ಆಡಿಸಿದರು. "ಇದು ಕಡಗೋಲು. ಕಡದರ ಕಾಫಿ ಜಿಗಿತೈತಿ. ಇದ ಪರ್ಕೊಲೇಟರ."

"ಮಜ್ಜಗಿ ಮಾಡಾಕತ್ತೀರೇನ?" ಎಂದೆ. "ಸಾಹೇಬ ಕುಂತು ನೋಡ್ತಾನಂತ, ಕಡಿತಾನಂತ ಅಂವ ಹೇಳಿಲ್ಲ."

"ನೀ ಮುಂಬೈ ನೋಡೀಯೇನ?"

"ಮುಂಬೈದಾಗ ನೀವೇನ್ ನೋಡೀರಿ ನಂಗ ಗೊತ್ತೈತಿ."

ಅವರು ಅದನ್ನು ಕೆಂಡದ ಮೇಲೆ ಇಡಲು ಹೊರಟರು. ಗಾಜು! ಕೈಯಿಂದ ಕಸಿದುಕೊಂಡು ಗೋಡೆಯ ಹತ್ತಿರ ಇಟ್ಟೆ. ಅದರಲ್ಲಿ ಪುಡಿ ಹಾಕಿ, ಕುದಿನೀರು ಸುರುವಿ, ಸ್ವಲ್ಪ ಹೊತ್ತು ತಡೆದು, ಜಾಳಿಗೆಯನ್ನು ಮೆಲ್ಲಗೆ ಒತ್ತಿದರೆ ಗಸಿ ತಳದಲ್ಲಿ ಉಳಿಯುತ್ತದೆ, ಅಷ್ಟೇ. ಬೆಂಕಿ ಅದಕ್ಕೆ ಬೇಡವೇ ಬೇಡ. ಆದರೆ ಅವತ್ತು ಇದನ್ನು ಹೇಳುವವರು ಯಾರೂ ಇರಲಿಲ್ಲ. ನಾನು ಕಸಿದದ್ದು ಗಾಜು ಒಡೆದರೆ ನಮ್ಮ ತಲೆಗೆ ಬರುತ್ತದೆ ಎಂದು.

ಇವರು ಸೋಲೊಪ್ಪುವವರಲ್ಲ. ಎಂಟು ಮೂಲೆಯದನ್ನು ತೆಗೆದುಕೊಂಡರು. ಮುಚ್ಚಳ ತೆಗೆದರೆ ನಡುವೆ ಒಂದು ಗೂಟ, ಗೂಟದ ತಲೆಯಲ್ಲಿ ತೂತು.

"ನೋಡ, ಇಲ್ಲಿಂದ ಜಿಗಿತೈತಿ! ನಾ ಅಂದೆ ಇಲ್ಲೋ?"

"ಖರೆನ ಐತಿ ನೋಡ್," ಎಂದರು ಅಣ್ಣಾರು. ನೀರು ಸೋಸುವುದರಿಂದ ತಲೆ ಎತ್ತದೆ ಅಂದರು.

ಇವರು ಆ ಗೂಟದ ಸುತ್ತ, ಮೇಲಿನ ಭಾಗದಲ್ಲೇ ನೀರು ಸುರುವಿ, ಪುಡಿ ಹಾಕಿ, ಕೆಂಡದ ಮೇಲೆ ಇಟ್ಟು ಕುಕ್ಕರಗಾಲಿನಲ್ಲಿ ಕುಳಿತು ಜಿಗಿಯುವುದನ್ನು ಕಾಯತೊಡಗಿದರು. ಏನೂ ಜಿಗಿಯಲಿಲ್ಲ. ಸುಟ್ಟ ರಬ್ಬರಿನ ನಾತ ಬಂತು. ಇಳಿಸಿ, ಆರಿಸಿ, ನಡುವಿನಲ್ಲಿ ಹಿಡಿದು ತಿರುವಿದರೆ ಪಾತ್ರೆ ಎರಡಾಯಿತು. ಕೆಳಗಿನ ಕೋಣೆ ಒಣಗಿ ಕರ್ರಗಾಗಿತ್ತು. ನೀರು ಇರಬೇಕಾದದ್ದು ಅಲ್ಲಿ. ಅದರ ಮೇಲೆ ಪುಡಿಯ ಬಟ್ಟಲು, ಅದರ ಮೇಲೆ ತಿರುವಿ ಬಿಗಿಯುವ ಪಾತ್ರೆ. ಕೆಳಗಿನ ಉಗಿ ನೀರನ್ನು ಪುಡಿಯೊಳಗಿಂದ ದಬ್ಬಿ ಮೇಲೇರಿಸುವ ಕಟ್ಟೋಣ. ಸಂದಿಯಲ್ಲಿದ್ದ ರಬ್ಬರಿನ ಬಳೆ ಸುಟ್ಟು ಬಿರುಕುಬಿಟ್ಟಿತ್ತು.

"ಆತು," ಎಂದೆ. "ಇದ ಪರ್ಕೊಲೇಟರ ಆಗಿದ್ರ ನಾಳೆ ಬನಹಟ್ಟಿಗೆ ಗಂಟು ಕಟ್ಟೂದ."

ಇವರ ಮುಖ ಸಣ್ಣದಾಯಿತು. ಮುಂಬೈ ಮಾತು ನಿಂತಿತು.

ನಾನು ಫೋಟೋವನ್ನು ಕಿಟಕಿಯ ಹತ್ತಿರ ಒಯ್ದೆ. ನನಗೆ ಇಂಗ್ಲಿಷೂ ಗೊತ್ತಿಲ್ಲ, ಮುಂಬೈಯೂ ಗೊತ್ತಿಲ್ಲ. ನಾನು ಕೇಳಿದ್ದು ಇಷ್ಟೇ, "ಇದರಾಗ ದಿನಾ ಒಲಿಮ್ಯಾಲ ಕುಂಡ್ರೂದು ಯಾವುದು, ಬರೇ ಇಟ್ಟಿದ್ದು ಯಾವುದು?"

ಅದನ್ನು ನೋಡಿದ್ದು ನಮ್ಮ ಮನೆಯವರೇ. ಹೆದರಿಕೆಯಾದಾಗ ಮನುಷ್ಯನಿಗೆ ಕಣ್ಣು ತೆರೆಯುತ್ತದೆ. "ಎತ್ತರದ ಕಿಟಲಿದ ಹಿಡಿಕಿ ನೋಡ. ದಾರ ಸುತ್ಯಾರ. ತಳಾನೂ ಕರ್ರಗೈತಿ."

ಹೌದು, ಕೈ ಸುಡಬಾರದೆಂದು ಹಿಡಿಕೆಗೆ ದಾರ ಸುತ್ತಿದ್ದರು. ಉಳಿದವು ಹೊಸ ಮದುಮಗಳ ಹಾಗೆ ಥಳಥಳ ಹೊಳೆಯುತ್ತಿದ್ದವು. ಟ್ರಂಕಿನ ತಳದಿಂದ ಆ ಕಿಟಲಿಯನ್ನು ತೆಗೆದೆವು. ಫೋಟೋದಲ್ಲಿ ಬಿಳಿ ಚುಕ್ಕೆ ಎಂದು ಕಂಡದ್ದು ಮುಚ್ಚಳದ ಮೇಲಿನ ಗಾಜಿನ ಗುಂಡಿ. ಅಣ್ಣಾರು ಅದನ್ನು ಫೋಟೋ ಕೆಟ್ಟಿದೆ ಎಂದು ಬೆರಳಿನಿಂದ ತಿಕ್ಕಿಯೂ ನೋಡಿದ್ದರು.

ಅದರೊಳಗೆ ಉದ್ದ ಕೊಳವೆ, ಕೊಳವೆಗೆ ಪೋಣಿಸಿದ ತೂತಿನ ಬಟ್ಟಲು. ಟ್ರಂಕಿನಲ್ಲಿ ಎರಡು ಡಬ್ಬಿ ಪುಡಿ ಇದ್ದವು, ಒಂದು ಹಿಟ್ಟಿನಂತೆ, ಇನ್ನೊಂದು ರವೆಯಂತೆ. ಇವರು ಹಿಟ್ಟಿನಂಥದ್ದನ್ನು ಹಾಕಿದರು. ದೊಡ್ಡ ತೂತಿನ ಜರಡಿಯಲ್ಲಿ ಹಿಟ್ಟು ಹಾಕಿದರೆ ಏನಾಗುತ್ತದೆಯೋ ಅದೇ ಆಯಿತು. ಕಾಫಿ ಕೆಸರಾಯಿತು. ಚೆಲ್ಲಿ, ತೊಳೆದು, ಎರಡನೇ ಸಲ ರವೆಯಂಥದ್ದನ್ನು ಹಾಕಿದೆವು. ನೀರು ಬಟ್ಟಲಿಗೆ ತಾಗದಷ್ಟು, ಕೆಂಡ ಕಮ್ಮಿ.

ಸ್ವಲ್ಪ ಹೊತ್ತಿಗೆ ಒಳಗೆ ಗುಡುಗುಡು ಸದ್ದು. ಗಾಜಿನ ಗುಂಡಿಯಲ್ಲಿ ನೀರು ಟಪ್ ಎಂದು ಜಿಗಿಯಿತು. ಮೊದಲು ಬಿಳಿ, ಆಮೇಲೆ ಹಳದಿ, ಆಮೇಲೆ ಕಂದು. ಕುದಿನೀರು ಕೊಳವೆಯಲ್ಲಿ ಏರಿ, ಗಾಜಿಗೆ ಬಡಿದು, ಪುಡಿಯ ಮೇಲೆ ಬಿದ್ದು, ಇಳಿದು, ಮತ್ತೆ ಏರುತ್ತಿತ್ತು. ಇದನ್ನು ನೋಡಲು ಒಬ್ಬ ದೊಡ್ಡ ಸಾಹೇಬ ದಿನಾ ಬೆಳಗ್ಗೆ ಕುಳಿತುಕೊಳ್ಳುತ್ತಾನೆ! ಅವನಿಗೆ ಬೇರೆ ಕೆಲಸ ಇರಲಿಲ್ಲ ಎಂದು ಕಾಣುತ್ತದೆ.

"ನಾ ಮೊದ್ಲ ಅಂದಿದ್ದೆ, ಕಿಟಲಿನ ಇರಬೇಕಂತ," ಎಂದರು ಅಣ್ಣಾರು.

"ನೀವು ನೀರ ಕುಡೀರಿ ಅಣ್ಣಾರ," ಎಂದೆ.

ಮರುದಿನ ಸಾಹೇಬ ಹೆಂಡತಿಯ ಜೊತೆ ಬಂದ. ಇವರು ಕಿಟಲಿಯನ್ನು ಅವನ ಮುಂದೆಯೇ ಕೆಂಡದ ಶೆಗಡಿಯ ಮೇಲೆ ಇಟ್ಟರು. ಗುಂಡಿಯಲ್ಲಿ ಜಿಗಿಯುವುದನ್ನು ನೋಡಿ ತಲೆ ಆಡಿಸಿದ, ಎರಡು ಕಪ್ಪು ಕುಡಿದ. ಕಾರಭಾರಿಗಳು ನಮ್ಮ ಮನೆಯವರ ಬೆನ್ನು ತಟ್ಟಿ, "ಮುಂಬೈ ಕಲತಾಂವ ನೋಡ್ರಿ ಅಂವ" ಎಂದರು. ಇವರು ನಾಚಿಕೆಯಿಲ್ಲದೆ ಕೈಮುಗಿದು ನಿಂತರು. ಹಿತ್ತಾಳೆ ಡಬ್ಬಿ ಕಾಫಿಯದೆಂದು ಡ್ರೈವರ ಬಾಯಿಸಾಹೇಬರನ್ನು ಕೇಳಿ ಬಂದು ಹೇಳಿದ ಮೇಲೂ ಅಣ್ಣಾರು ಅದರಲ್ಲೇ ನೀರು ಸೋಸಿಕೊಂಡರು, ಸಾಹೇಬ ಹೋಗುವವರೆಗೂ.

ಎಂಟು ಮೂಲೆಯದರ ಬಳೆಗೆ ಬದಲಾಗಿ ಸೈಕಲ್ ಟ್ಯೂಬು ಕತ್ತರಿಸಿ ಕೂಡಿಸಿ, ಹೊರಗೆಲ್ಲ ಬೂದಿಯಿಂದ ತಿಕ್ಕಿ ಟ್ರಂಕಿಗೆ ಹಾಕಿದೆವು. ಅದನ್ನು ಆ ಹೆಂಗಸು ಎಂದಾದರೂ ಒಲೆಗೆ ಇಟ್ಟಳೋ ಇಲ್ಲವೋ. ನಮಗೆ ಏನೂ ಸುದ್ದಿ ಬರಲಿಲ್ಲ. ನಾನು ಅವತ್ತೇ ಹೇಳಿದ್ದೆ, ಹೊಳೆಯುವ ಪಾತ್ರೆಯನ್ನು ಯಾರೂ ಬಳಸುವುದಿಲ್ಲ.

ಖೋಲಿ ಉಳಿಯಿತು. ಎಷ್ಟು ದಿನ? ಸಾಹೇಬರು ಹಡಗು ಹತ್ತಿದರು. ಆಮೇಲೆ ಸಂಸ್ಥಾನ ಮುಗಿಯಿತು, ಬಂಗಲೆಗೆ ಸರಕಾರದ ಬೀಗ ಬಿತ್ತು, ಕಾರಭಾರಿಗಳೂ ಇಲ್ಲ, ಕಾಫಿ ಕೇಳುವವರೂ ಇಲ್ಲ. ಇವರ ಅಡಿಗೆ ನೌಕರಿಯೂ ಹೋಯಿತು. ನಾವು ಬನಹಟ್ಟಿಗೆ ಹೋದೆವು. ನಾನು ಕಂಡಿಕೆ ಸುತ್ತಿದೆ. ಅತ್ತೆ ಅದು ಸಡಿಲ ಎಂದಳು.

ಇವರು ಮಾತ್ರ ಮಗ್ಗದ ಓಣಿಯಲ್ಲಿ ಕುಳಿತು, ತಾವು ಸಾಹೇಬನಿಗೆ ಪರ್ಕೊಲೇಟರ ಕಾಫಿ ಕುಡಿಸಿದ ಕಥೆ ಹೇಳುತ್ತಿದ್ದರು, ಚಹಾ ಕುಡಿಯುತ್ತ.