ಆಹೇರದ ಟವೆಲ್

ಐವತ್ತು ಸಮೀಪಿಸುವಾಗ ನನ್ನ ಮೊಣಕಾಲು ಮೆಟ್ಟಿಲು ಹತ್ತಿದರೆ ನೋಯತೊಡಗಿತು. ಅಕ್ಕಲಕೋಟೆಯ ಶಾಲೆಯಲ್ಲಿ ನನ್ನ ತರಗತಿ ಇದ್ದದ್ದೇ ಮಹಡಿಯ ಮೇಲೆ. ಸೊಲ್ಲಾಪುರದ ಫಿಜಿಯೋಥೆರಪಿ ಡಾಕ್ಟರಬಾಯಿ ಕಾಲು ಮಡಿಸಿ ನೋಡಿದರು.

"ಬಿಗಿ ಹಿಡದರ ಬಿಸಿ ಶಾಖ ಕೊಡ್ರಿ, ಬಾವು ಬಂದರ ಬಟ್ಟ್ಯಾಗ ಸುತ್ತಿದ ಬರ್ಫ ಇಡ್ರಿ. ತೂಕ ನಾಕೈದ ಕಿಲೋ ಇಳಸ್ರಿ. ಕಾಲ ಚಾಚಿ, ಮೊಣಕಾಲ ಕೆಳಗ ದಪ್ಪನ ಟವೆಲ್ ಸುರುಳಿ ಇಟ್ಟು ಒತ್ರಿ. ಐದ ಎಣಸಿ ಬಿಡ್ರಿ. ದಿನಾ ಹತ್ತ ಸರ್ತಿ."

ನಮ್ಮ ಟ್ರಂಕಿನ ತುಂಬ ಮದುವೆಗಳಲ್ಲಿ ಆಹೇರದ ಉಡುಗೊರೆಯೆಂದು ನನ್ನ ಗಂಡನಿಗೆ ಹೊದಿಸಿದ ಟವೆಲ್‌ಗಳಿದ್ದವು. ಅವನ್ನು ಯಾರೂ ಬಳಸುವುದಿಲ್ಲ. ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಹೆಗಲೇರುತ್ತವೆ. ಒಂದನ್ನು ತೆಗೆದೆ. ಅತ್ತೆ ತಡೆದರು.

"ಮಾನದ ಟವೆಲ್ ಕಾಲಾಗ ಹಾಕ್ತಿ ಏನ?"

ಮೈ ಒರೆಸುವ ಹಳೆಯದನ್ನೇ ಸುತ್ತಿದೆ. ತೆಳ್ಳಗೆ ಸವೆದಿತ್ತು, ಒತ್ತಲು ಏನೂ ಸಿಗಲಿಲ್ಲ. ಎರಡು ವಾರ ಹಾಗೇ ಹೋಯಿತು. ಕೊನೆಗೆ ಕೇಳದೆಯೇ ಟ್ರಂಕಿನಿಂದ ಹೊಸದೊಂದನ್ನು ತೆಗೆದುಕೊಂಡೆ. ಅತ್ತೆ ವಾರವಿಡೀ ನನ್ನೊಂದಿಗೆ ಮಾತು ಬಿಟ್ಟರು.

ಒಂದೂವರೆ ತಿಂಗಳಿಗೆ ನೋವು ಪೂರ್ತಿ ಹೋಗದಿದ್ದರೂ, ಮೆಟ್ಟಿಲ ಕಟಕಟೆ ಹಿಡಿಯದೆ ಮಹಡಿ ಹತ್ತತೊಡಗಿದೆ. ಆಮೇಲೊಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮೊಣಕಾಲ ಕೆಳಗೆ ಅಂಗಡಿಯ ಬೆಲೆಚೀಟಿ ಕೂಡ ಕೀಳದ ಹೊಸ ಟವೆಲ್.

"ಎಷ್ಟ ಎಣಸಬೇಕ ಅಂದಿದ್ದಿ?"